ಬಿಲ್ಲು ಇರಲಿ, ಹುಟ್ಟುಹಬ್ಬ ಅಳಿಸಿ

ಕಾಮರಾಜ್ ರಸ್ತೆಯಿಂದ ಕಮರ್ಷಿಯಲ್ ಸ್ಟ್ರೀಟಿಗೆ ತಿರುಗಿ ಎರಡು ಅಂಗಡಿ ಹೊಕ್ಕು ಬಂದವರಿಗೆ ಬಿಲ್ ಕೌಂಟರಿನ ಮೊದಲ ಮಾತು ಬಾಯಿಪಾಠವಾಗಿರುತ್ತದೆ: ‘ನಂಬರ್ ಹೇಳಿ ಮೇಡಂ.’ ಬಟ್ಟೆಯ ಬೆಲೆ ಹೇಳುವುದಕ್ಕೂ ಮೊದಲೇ ಬರುವ ಮಾತು ಇದು. ಹಿಂದೆ ನಾಲ್ಕು ಜನ ಸಾಲು ನಿಂತಿರುತ್ತಾರೆ, ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಚೀಲ. ನಂಬರ್ ಹೇಳಿಬಿಡುತ್ತೇವೆ. ಪಾಯಿಂಟ್ಸ್ ಸಿಗುತ್ತದೆ ಎಂದರೆ ಹುಟ್ಟಿದ ದಿನ, ಮದುವೆಯ ದಿನ, ಮನೆಯ ವಿಳಾಸ, ಮಕ್ಕಳ ಹೆಸರು ಕೂಡ ಹೇಳುತ್ತೇವೆ. ಹೇಳುವುದಕ್ಕೆ ಅರ್ಧ ನಿಮಿಷ ಸಾಕು. ಹೇಳಿದ್ದನ್ನು ವಾಪಸ್ ಪಡೆಯುವುದು ಎಷ್ಟು ದೊಡ್ಡ ಕೆಲಸ ಎಂಬುದು ಮೆಂಬರ್‌ಶಿಪ್ ರದ್ದು ಮಾಡಲು ಹೊರಟಾಗ ತಿಳಿಯುತ್ತದೆ.

ರದ್ದು ಮಾಡಿದವರಿಗೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಉತ್ತರ ಸಿಗುತ್ತದೆ. ಒಂದು, ‘ನಿಮ್ಮ ಖಾತೆ ಮುಚ್ಚಲಾಗಿದೆ.’ ಇನ್ನೊಂದು, ‘ಕಾನೂನಿನ ಪ್ರಕಾರ ಮಾಹಿತಿಯನ್ನು ನಾವು ಇಟ್ಟುಕೊಳ್ಳಲೇಬೇಕು.’ ಎರಡೂ ಅರ್ಧ ನಿಜ. ಖಾತೆ ಮುಚ್ಚಿದರೆ ಮಾಹಿತಿ ಅಳಿಯುವುದಿಲ್ಲ. ಕಾನೂನು ಇಟ್ಟುಕೊಳ್ಳಲು ಹೇಳುವುದು ಕೆಲವು ಕಾಗದಗಳನ್ನು ಮಾತ್ರ, ಎಲ್ಲವನ್ನೂ ಅಲ್ಲ. ಯಾವುದು ಅಳಿಯಬೇಕು, ಯಾವುದು ಉಳಿಯಬಹುದು ಎಂಬ ಗೆರೆ ಎಲ್ಲಿದೆ ಎಂದು ಈ ಒಂದೇ ಬೀದಿಯ ಲೆಕ್ಕದಲ್ಲಿ ನೋಡೋಣ.

ಈ ಪ್ರಶ್ನೆಯ ಬೇರು ಬೆಂಗಳೂರಿನಲ್ಲೇ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಅದಕ್ಕೂ ಒಂದು ವರ್ಷ ಮುಂಚೆ ದೆಹಲಿ ಹೈಕೋರ್ಟಿನ ಮುಂದೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ ಪ್ರಶ್ನೆ ಬಂದಿತ್ತು. ವಾಟ್ಸ್‌ಆ್ಯಪ್ ತನ್ನ ಬಳಕೆದಾರರ ಮಾಹಿತಿಯನ್ನು ಫೇಸ್‌ಬುಕ್ ಜೊತೆ ಹಂಚಿಕೊಳ್ಳಲು ಹೊರಟಾಗ, 2016ರ ಸೆಪ್ಟೆಂಬರ್ 25ರೊಳಗೆ ಖಾತೆಯನ್ನು ಪೂರ್ತಿ ಅಳಿಸಿದವರ ಮಾಹಿತಿ ಸರ್ವರ್‌ಗಳಿಂದಲೂ ಪೂರ್ತಿ ಅಳಿಯಬೇಕು ಎಂದು ಕೋರ್ಟು ಆದೇಶಿಸಿತು. ಬಿಟ್ಟುಹೋದವರ ಮಾಹಿತಿಯನ್ನು ಹಿಡಿದಿಟ್ಟುಕೊಳ್ಳಬಾರದು ಎಂಬ ಮಾತು ಹಾಗೆ ದೊಡ್ಡದೊಂದು ಕಂಪನಿಯ ಎದುರು ಕೋರ್ಟಿನ ಆದೇಶವಾಗಿ ಬಂತು.

ಅದು ಕಾಯ್ದೆಯಾಗಲು ಇನ್ನೂ ಏಳು ವರ್ಷ ಹಿಡಿಯಿತು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಯವರ ಅಂಕಿತ ಬಿದ್ದದ್ದು 2023ರ ಆಗಸ್ಟ್ 11ರಂದು. ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್ ಮಧ್ಯದಲ್ಲಿ. ಆಗಲೂ ಎಲ್ಲವೂ ಒಟ್ಟಿಗೆ ಜಾರಿಗೆ ಬರಲಿಲ್ಲ. ದೂರು ಕೇಳುವ ಮಂಡಳಿಯ ಕಲಮುಗಳು ಮೊದಲು ಬಂದವು. ನಮಗೆ ಬೇಕಾದ ಅಳಿಸುವ ಹಕ್ಕು ಮತ್ತು ಕಂಪನಿಗಳ ಹೊಣೆ, ಆ ಅಧಿಸೂಚನೆಯ ಪ್ರಕಾರ, ಅಲ್ಲಿಂದ 18 ತಿಂಗಳಿಗೆ, ಅಂದರೆ 2027ರ ಮೇ ತಿಂಗಳಲ್ಲಿ ಜಾರಿಗೆ ಬರುತ್ತವೆ. ಆವರೆಗಿನ ಸ್ಥಿತಿ ಬಡವಾದದ್ದು. 2011ರ ಹಳೆಯ ನಿಯಮಗಳು ಪಾಸ್‌ವರ್ಡ್, ಹಣಕಾಸು, ಆರೋಗ್ಯ, ಬೆರಳಚ್ಚಿನಂಥ ‘ಸೂಕ್ಷ್ಮ’ ಮಾಹಿತಿಗೆ ಮಾತ್ರ ಅನ್ವಯಿಸುತ್ತವೆ. ಬಟ್ಟೆ ಅಂಗಡಿಗೆ ಕೊಟ್ಟ ಫೋನ್ ನಂಬರ್ ಆ ಪಟ್ಟಿಯಲ್ಲಿಲ್ಲ.

ಹೊಸ ಕಾಯ್ದೆಯ ತಿರುಳು ಎರಡು ವಾಕ್ಯಗಳಲ್ಲಿದೆ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯಲು ಬರಬೇಕು. ಒಪ್ಪಿಗೆ ಹಿಂಪಡೆದರೆ, ಅಥವಾ ಯಾವ ಉದ್ದೇಶಕ್ಕೆ ಮಾಹಿತಿ ಪಡೆದರೋ ಆ ಉದ್ದೇಶ ಮುಗಿದರೆ, ಕಂಪನಿ ಅದನ್ನು ಅಳಿಸಬೇಕು, ತನ್ನ ಪರವಾಗಿ ಕೆಲಸ ಮಾಡುವವರಿಂದಲೂ ಅಳಿಸಿಸಬೇಕು. ಬೇರೊಂದು ಕಾನೂನು ಇಟ್ಟುಕೊಳ್ಳಲು ಹೇಳಿದ್ದರೆ ಮಾತ್ರ ವಿನಾಯಿತಿ. ‘ಇಟ್ಟುಕೊಳ್ಳಲೇಬೇಕು’ ಎಂಬ ಕಂಪನಿಯ ಉತ್ತರ ನಿಂತಿರುವುದು ಈ ಕೊನೆಯ ತುಣುಕಿನ ಮೇಲೆ. ಆದ್ದರಿಂದ ಕೇಳಬೇಕಾದ ಪ್ರಶ್ನೆಯೂ ಅಲ್ಲೇ ಇದೆ: ಯಾವ ಕಾನೂನು, ಯಾವ ಮಾಹಿತಿ, ಯಾವ ದಿನಾಂಕದವರೆಗೆ?

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಹಲಸೂರಿನ ಒಬ್ಬ ಗೃಹಿಣಿ 2025ರ ದೀಪಾವಳಿಗೆ ಎರಡು ದಿನ ಮುಂಚೆ, ಅಕ್ಟೋಬರ್ 18ರಂದು, ಕಮರ್ಷಿಯಲ್ ಸ್ಟ್ರೀಟಿನ ಒಂದು ಬಟ್ಟೆ ಅಂಗಡಿಯಲ್ಲಿ 6,400 ರೂಪಾಯಿಯ ಖರೀದಿ ಮಾಡಿದರು ಎನ್ನಿ. ಕಾರ್ಡಿನಿಂದ ಹಣ ಕೊಟ್ಟರು. ಮೆಂಬರ್ ಆದರು. ಹೆಸರು, ನಂಬರ್, ವಿಳಾಸ, ತಮ್ಮ ಮತ್ತು ಮಗಳ ಹುಟ್ಟಿದ ದಿನ ಕೊಟ್ಟರು. ರವಿಕೆಯ ಅಳತೆಯನ್ನು ಅಂಗಡಿಯವರು ಕಾಗದದ ಪುಸ್ತಕದಲ್ಲಿ ಬರೆದುಕೊಂಡು, ಅದರ ಫೋಟೋ ತೆಗೆದು ಹೊಲಿಯುವವರಿಗೆ ವಾಟ್ಸ್‌ಆ್ಯಪ್ ಮಾಡಿದರು. 2027ರ ಜೂನಿನಲ್ಲಿ ಅವರು ಮೆಂಬರ್‌ಶಿಪ್ ರದ್ದು ಮಾಡಿ, ನನ್ನ ಮಾಹಿತಿ ಅಳಿಸಿ ಎಂದು ಬರೆಯುತ್ತಾರೆ. ಕಾಯ್ದೆ ಜಾರಿಗೆ ಬರುವ ಮೊದಲು ಕೊಟ್ಟ ಮಾಹಿತಿಗೂ ಈ ಹಕ್ಕು ಇದೆ; ಒಪ್ಪಿಗೆ ಹಿಂಪಡೆಯುವವರೆಗೆ ಮಾತ್ರ ಹಳೆಯ ಒಪ್ಪಿಗೆ ನಡೆಯುತ್ತದೆ.

ಮೊದಲು ಬಿಲ್ಲು. ಇದು ಉಳಿಯುತ್ತದೆ, ಉಳಿಯಲೇಬೇಕು. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು. 2025ರ ಅಕ್ಟೋಬರ್ ಬಿಲ್ಲು 2025–26ರ ಹಣಕಾಸು ವರ್ಷಕ್ಕೆ ಸೇರುತ್ತದೆ. ಅದರ ವಾರ್ಷಿಕ ರಿಟರ್ನಿಗೆ ಕಾಯ್ದೆ ಇಟ್ಟ ಕೊನೆಯ ದಿನ 2026ರ ಡಿಸೆಂಬರ್ 31. ಅಲ್ಲಿಂದ ಆರು ವರ್ಷ, ಅಂದರೆ 2032ರ ಡಿಸೆಂಬರ್ 31. ಅಂಗಡಿ ನೋಂದಾಯಿತ ಕಂಪನಿಯಾಗಿದ್ದರೆ ಕಂಪನಿ ಕಾಯ್ದೆ ಎಂಟು ಹಣಕಾಸು ವರ್ಷಗಳ ಲೆಕ್ಕ ಕೇಳುತ್ತದೆ. ಆಗ ಅದು 2034ರ ಮಾರ್ಚ್‌ವರೆಗೆ ಹೋಗುತ್ತದೆ. ಒಬ್ಬರೇ ಮಾಲೀಕರಿರುವ ಅಂಗಡಿಗೆ ಈ ಎರಡನೆಯದು ಅನ್ವಯಿಸುವುದಿಲ್ಲ.

ಇಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿ ಇದೆ. ಜಿಎಸ್‌ಟಿ ನಿಯಮ 46 ಬಿಲ್ಲಿನಲ್ಲಿ ಏನೇನು ಇರಬೇಕು ಎಂದು ಹೇಳುತ್ತದೆ. ಜಿಎಸ್‌ಟಿ ನೋಂದಣಿ ಇಲ್ಲದ ಸಾಮಾನ್ಯ ಗ್ರಾಹಕರ ಹೆಸರು, ವಿಳಾಸ ಕಡ್ಡಾಯವಾಗುವುದು ಖರೀದಿಯ ಮೊತ್ತ 50,000 ರೂಪಾಯಿ ಮುಟ್ಟಿದಾಗ. ಅದಕ್ಕಿಂತ ಕಡಿಮೆಯಾದರೆ ಗ್ರಾಹಕರೇ ಬರೆಯಿರಿ ಎಂದು ಕೇಳಬೇಕು. ಫೋನ್ ನಂಬರ್ ಬಿಲ್ಲಿನಲ್ಲಿರಲೇಬೇಕು ಎಂದು ಆ ನಿಯಮ ಎಲ್ಲಿಯೂ ಹೇಳಿಲ್ಲ. ‘ನಂಬರ್ ಇಲ್ಲದೆ ಬಿಲ್ ಆಗಲ್ಲ’ ಎಂಬುದು ಅಂಗಡಿಯ ಸಾಫ್ಟ್‌ವೇರಿನ ಕಟ್ಟಳೆ, ತೆರಿಗೆ ಕಾನೂನಿನದ್ದಲ್ಲ. ನಂಬರ್ ಕೊಡಲೇಬೇಕೆಂದು ಒತ್ತಾಯಿಸಬಾರದು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಿನಲ್ಲೇ ಚಿಲ್ಲರೆ ವ್ಯಾಪಾರಿಗಳಿಗೆ ತಿಳಿಸಿತ್ತು. ನಮ್ಮ ಉದಾಹರಣೆಯ 6,400 ರೂಪಾಯಿಯ ಬಿಲ್ಲಿನಲ್ಲಿ ನಂಬರ್ ಒಮ್ಮೆ ಅಚ್ಚಾಗಿದ್ದರೆ ಆ ಬಿಲ್ಲನ್ನು ಈಗ ತಿದ್ದಲು ಬರುವುದಿಲ್ಲ, ಅದು ತೆರಿಗೆಯ ದಾಖಲೆ. ಆದರೆ ಬಿಲ್ಲು ಉಳಿದಿದೆ ಎಂಬ ನೆಪದಲ್ಲಿ ಅದೇ ನಂಬರಿಗೆ ಯುಗಾದಿ ಸೇಲಿನ ಮೆಸೇಜು ಕಳಿಸುವ ಹಾಗಿಲ್ಲ. ತೆರಿಗೆಗಾಗಿ ಇಟ್ಟದ್ದು ತೆರಿಗೆಗೇ. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತಿ ಮುಖ್ಯವಾದ ಗೆರೆ ಇದು. ಇಟ್ಟುಕೊಳ್ಳುವ ಅನುಮತಿಗೂ ಬಳಸುವ ಅನುಮತಿಗೂ ಸಂಬಂಧವಿಲ್ಲ.

ಬೀದಿಯ ಆಚೆ ಜ್ಯುವೆಲರ್ಸ್ ಸ್ಟ್ರೀಟಿನ ಕಡೆ ಹೊರಳಿದರೆ ಲೆಕ್ಕ ಬದಲಾಗುತ್ತದೆ. ಒಂದೇ ಖರೀದಿ ಎರಡು ಲಕ್ಷ ದಾಟಿದರೆ ಪ್ಯಾನ್ ಕೇಳುವುದು 2016ರಿಂದ ನಡೆದುಬಂದ ಆದಾಯ ತೆರಿಗೆ ನಿಯಮ. ಚಿನ್ನದ ವ್ಯಾಪಾರಿಗೆ ದೊಡ್ಡ ನಗದು ವ್ಯವಹಾರದಲ್ಲಿ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯೂ ತಗಲುತ್ತದೆ, ಅದು ಐದು ವರ್ಷದ ದಾಖಲೆ ಬೇಡುತ್ತದೆ. ಅಂಥ ಪ್ಯಾನ್ ಅಳಿಸಿ ಎಂದು ಕೇಳಿದರೆ ಇಲ್ಲ ಎನ್ನುವ ಅಂಗಡಿಯದೇ ಸರಿ.

ಕಾರ್ಡಿನ ವಿಷಯ ಸುಲಭ. 2022ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಯಾವ ಅಂಗಡಿಯೂ ಪೂರ್ತಿ ಕಾರ್ಡ್ ಸಂಖ್ಯೆ ಇಟ್ಟುಕೊಳ್ಳುವಂತಿಲ್ಲ. ಕೊನೆಯ ನಾಲ್ಕು ಅಂಕಿ ಮತ್ತು ಬ್ಯಾಂಕಿನ ಹೆಸರು ಇರಬಹುದು, ಲೆಕ್ಕ ಹೊಂದಿಸಲು.

ಈಗ ಹುಟ್ಟಿದ ದಿನ, ಮಗಳ ಹುಟ್ಟಿದ ದಿನ, ಪಾಯಿಂಟ್ಸ್, ಯಾವ ಬಣ್ಣ ಇಷ್ಟ ಎಂಬ ಟಿಪ್ಪಣಿ, ಮೆಸೇಜ್ ಕಳಿಸುವ ಪಟ್ಟಿಯಲ್ಲಿನ ನಂಬರ್. ಇವನ್ನು ಇಟ್ಟುಕೊಳ್ಳಲು ಹೇಳುವ ತೆರಿಗೆ ಕಾನೂನು ಇಲ್ಲ. ಮೆಂಬರ್‌ಶಿಪ್ ಮುಗಿಯಿತು ಎಂದರೆ ಉದ್ದೇಶ ಮುಗಿಯಿತು. ಮಗಳು 18 ದಾಟಿಲ್ಲದಿದ್ದರೆ ವಿಷಯ ಇನ್ನೂ ಗಂಭೀರ. ಮಕ್ಕಳ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಪರಿಶೀಲಿಸಿಯೇ ಪಡೆಯಬೇಕು, ಅವರನ್ನು ಗುರಿಯಿಟ್ಟು ಜಾಹೀರಾತು ಕಳಿಸಬಾರದು ಎಂದು ಹೊಸ ಕಾಯ್ದೆಯೇ ಹೇಳುತ್ತದೆ. ಅಳತೆ ಪುಸ್ತಕದ ಕಥೆ ಬೇರೆ. ಕಾಯ್ದೆ ಡಿಜಿಟಲ್ ರೂಪದ ಮಾಹಿತಿಗೆ ಮಾತ್ರ. ಅಂಗಡಿಯ ಕಾಗದದ ಪುಸ್ತಕ ಅದರ ಹೊರಗಿದೆ. ಆ ಪುಟದ ಫೋಟೋ ಫೋನಿಗೆ ಹೋದ ಕ್ಷಣ ಅದು ಒಳಗೆ ಬಂತು. ಹೆಣ್ಣುಮಗಳೊಬ್ಬಳ ಹೆಸರು, ನಂಬರ್, ಮೈಯಳತೆ ಮೂರೂ ಒಂದೇ ಚಿತ್ರದಲ್ಲಿ ಯಾರ ಯಾರದೋ ಫೋನಿನಲ್ಲಿ ಉಳಿಯುವುದು ನನಗೆ ಬಿಲ್ಲಿಗಿಂತ ಹೆಚ್ಚು ಕಳವಳದ ಸಂಗತಿ. ಅಳಿಸಿ ಎಂದು ಬರೆಯುವಾಗ ಈ ಫೋಟೋವನ್ನು ಹೆಸರಿಸಿಯೇ ಬರೆಯಬೇಕು.

ಎರಡು ಮಧ್ಯಂತರ ಸಂಗತಿಗಳಿವೆ. ಹಣ ವಾಪಸ್ ಬರಬೇಕಿದ್ದರೆ ಅಥವಾ ಜಗಳ ನಡೆಯುತ್ತಿದ್ದರೆ, ಹಕ್ಕು ಸಾಧಿಸಲು ಬೇಕಾದ ಮಾಹಿತಿಯನ್ನು ಕಂಪನಿ ಇಟ್ಟುಕೊಳ್ಳಬಹುದು. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷದ ಅವಧಿ ಇರುವುದರಿಂದ ಬಿಲ್ಲು, ಡೆಲಿವರಿ ದಾಖಲೆಯನ್ನು ಅಲ್ಲಿಯವರೆಗೆ ಇಡುವುದರಲ್ಲಿ ಅರ್ಥವಿದೆ. ಹುಟ್ಟುಹಬ್ಬದ ದಿನಾಂಕದಿಂದ ಯಾವ ಜಗಳವೂ ತೀರುವುದಿಲ್ಲ, ಹಾಗಾಗಿ ಆ ನೆಪ ಅದಕ್ಕೆ ಸಲ್ಲದು.

ಎರಡನೆಯದು 2025ರ ನಿಯಮಗಳಲ್ಲೇ ಇರುವ ತೊಡಕು. ಮಾಹಿತಿ ಬಳಸಿದ ದಿನದಿಂದ ಕನಿಷ್ಠ ಒಂದು ವರ್ಷ ಆ ಮಾಹಿತಿ ಮತ್ತು ಬಳಕೆಯ ಲಾಗ್‌ಗಳನ್ನು ಇಟ್ಟುಕೊಳ್ಳಬೇಕು ಎಂದು ಎಂಟನೇ ನಿಯಮ ಹೇಳುತ್ತದೆ. ದೇಶದ ಭದ್ರತೆಯಂಥ ಕಾರಣಕ್ಕೆ ಸರ್ಕಾರ ಕೇಳಿದಾಗ ಸಿಗಲಿ ಎಂಬುದು ಅದರ ಉದ್ದೇಶ. ಹಾಗಾಗಿ 2027ರ ಜೂನಿನಲ್ಲಿ ರದ್ದು ಮಾಡಿದವರ ಒಂದಷ್ಟು ಮಾಹಿತಿ 2028ರ ಜೂನ್‌ವರೆಗೆ ಎಲ್ಲೋ ಬೀಗದಲ್ಲಿ ಉಳಿಯುತ್ತದೆ. ಕಾಯ್ದೆ ಒಂದು ಕೈಯಲ್ಲಿ ಕೊಟ್ಟ ಹಕ್ಕನ್ನು ನಿಯಮ ಇನ್ನೊಂದು ಕೈಯಲ್ಲಿ ಒಂದು ವರ್ಷ ಹಿಡಿದಿಟ್ಟುಕೊಂಡಿದೆ. ಬಟ್ಟೆ ಅಂಗಡಿಯ ಮೆಂಬರ್ ಪಟ್ಟಿಗೂ ಇದನ್ನು ಹೇರಿದ್ದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಆದರೂ ಇದು ಕಂಪನಿಗೆ ಮಾರಾಟಕ್ಕೆ ಬಳಸಲು ಕೊಟ್ಟ ರಹದಾರಿಯಲ್ಲ.

ಬೇರೆ ಬಗೆಯ ಸಂಸ್ಥೆಗಳಿಗೆ ಬೇರೆ ಗಡುವುಗಳಿವೆ. ಆನ್‌ಲೈನ್ ವೇದಿಕೆಗಳಲ್ಲಿ ನೋಂದಣಿ ರದ್ದಾದ ಮೇಲೆ 180 ದಿನ ನೋಂದಣಿಯ ಮಾಹಿತಿ ಇಡಬೇಕು ಎಂದು 2021ರ ಐಟಿ ನಿಯಮಗಳು ಹೇಳುತ್ತವೆ. ಬ್ಯಾಂಕು ಖಾತೆ ಮುಚ್ಚಿದ ಮೇಲೂ ಗುರುತಿನ ದಾಖಲೆಗಳನ್ನು ಐದು ವರ್ಷ ಇಡುತ್ತದೆ. ಕ್ಲೌಡ್ ಮತ್ತು ವಿಪಿಎನ್ ಸೇವೆ ಕೊಡುವವರಿಗೂ ರದ್ದಾದ ಮೇಲೆ ಐದು ವರ್ಷ ಎಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ಕೊಟ್ಟಿದೆ. ಯುರೋಪಿನಲ್ಲೂ ತೆರಿಗೆ ಕಾಗದ ಅಳಿಯುವುದಿಲ್ಲ. ಅಲ್ಲಿ ಕಂಪನಿ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರಿಸಬೇಕು. ನಮ್ಮ ನಿಯಮ ಅಹವಾಲು ತೀರಿಸಲು 90 ದಿನದವರೆಗೆ ಸಮಯ ಕೊಟ್ಟಿದೆ.

ಇನ್ನು ಕೇಳುವ ಕ್ರಮ. ಇಲ್ಲಿ ಆಗುವ ದೊಡ್ಡ ತಪ್ಪು ಎಂದರೆ ಮೊದಲ ದಿನವೇ ‘ಎಲ್ಲ ಅಳಿಸಿ’ ಎಂದು ಬರೆಯುವುದು. ಅಂಗಡಿ ತನ್ನ ಪಟ್ಟಿಯಿಂದ ಅಳಿಸಿಬಿಟ್ಟರೆ, ಅದು ಯಾರ ಯಾರ ಕೈಗೆ ಹೋಗಿತ್ತು ಎಂದು ಹೇಳಲು ಅವರ ಬಳಿಯೇ ಏನೂ ಉಳಿಯದೆ ಹೋಗಬಹುದು. ಪಾಯಿಂಟ್ಸ್ ನಡೆಸುವ ಸಾಫ್ಟ್‌ವೇರ್ ಕಂಪನಿ ಬೇರೆ, ಮೆಸೇಜ್ ಕಳಿಸುವವರು ಬೇರೆ, ಒಮ್ಮೊಮ್ಮೆ ಅದೇ ಮಾಲೀಕರ ಇನ್ನೊಂದು ಬ್ರ್ಯಾಂಡ್ ಬೇರೆ. ಆದ್ದರಿಂದ ಮೊದಲು ಕೇಳಬೇಕಾದದ್ದು ಪಟ್ಟಿ. ನಮ್ಮ ಬಗ್ಗೆ ಏನಿದೆ, ಯಾರೊಂದಿಗೆ ಹಂಚಿದ್ದೀರಿ ಎಂದು ತಿಳಿಯುವ ಹಕ್ಕು ಕಾಯ್ದೆಯ 11ನೇ ಕಲಮಿನಲ್ಲಿದೆ. ಪಟ್ಟಿ ಬಂದ ಮೇಲೆ, ವಾರಂಟಿಗೆ ಬೇಕಾದ ಬಿಲ್ಲಿನ ಪ್ರತಿ ಇಳಿಸಿಕೊಂಡು, ಒಪ್ಪಿಗೆ ಹಿಂಪಡೆದು ಅಳಿಸಲು ಬರೆಯಬೇಕು. ಬರಹ ಹೀಗಿದ್ದರೆ ಸಾಕು:

‘ಈ ನಂಬರಿನಲ್ಲಿರುವ ನನ್ನ ಮೆಂಬರ್‌ಶಿಪ್ ರದ್ದು ಮಾಡಿದ್ದೇನೆ. ನೀಡಿದ್ದ ಒಪ್ಪಿಗೆಯನ್ನು ಹಿಂಪಡೆಯುತ್ತಿದ್ದೇನೆ. ಹುಟ್ಟಿದ ದಿನ, ಮಗಳ ವಿವರ, ಖರೀದಿಯ ಒಲವುಗಳು, ಅಳತೆಯ ಫೋಟೋ ಮತ್ತು ಪ್ರಚಾರದ ಪಟ್ಟಿಯಲ್ಲಿರುವ ನನ್ನ ನಂಬರನ್ನು ನಿಮ್ಮಲ್ಲಿಯೂ ನಿಮ್ಮ ಪರವಾಗಿ ಕೆಲಸ ಮಾಡುವವರಲ್ಲಿಯೂ ಅಳಿಸಿ. ತೆರಿಗೆ ಬಿಲ್ಲುಗಳನ್ನು ಇಡಬೇಕಿದ್ದರೆ ಯಾವ ಕಾನೂನಿನಡಿ, ಯಾವ ದಿನಾಂಕದವರೆಗೆ ಎಂದು ತಿಳಿಸಿ. ಅವನ್ನು ಬೇರೆ ಯಾವುದಕ್ಕೂ ಬಳಸಬೇಡಿ.’

ಬಿಲ್ಲು ಇರಲಿ ಎಂದು ನಾವೇ ಬರೆಯುವುದರಿಂದ ‘ಕಾನೂನು ಇದೆ’ ಎಂಬ ಸಿದ್ಧ ಉತ್ತರಕ್ಕೆ ಜಾಗವಿರುವುದಿಲ್ಲ. ಗುರುತು ಖಚಿತಪಡಿಸಲು ಆಧಾರ್ ಪ್ರತಿ ಕೇಳಿದರೆ ಕೊಡಬೇಡಿ. ನಂಬರಿನಿಂದ ತೆರೆದ ಖಾತೆಗೆ ಆ ನಂಬರಿಗೆ ಬರುವ ಒಟಿಪಿ ಸಾಕು. ಇದ್ದದ್ದನ್ನು ಅಳಿಸಲು ಇಲ್ಲದ್ದನ್ನು ಕೊಡುವುದು ತಿರುಗುಮುರುಗಿನ ಕೆಲಸ. ಕಾಯ್ದೆಯ ಪ್ರಕಾರ ಒಪ್ಪಿಗೆ ಕೇಳುವ ಬರಹವನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆ ಇರಬೇಕು. ಆ ಪಟ್ಟಿಯಲ್ಲಿ ಕನ್ನಡವಿದೆ. ಕನ್ನಡದಲ್ಲೇ ಕೊಡಿ ಎಂದು ಕೇಳಿ.

ಅಳಿಸಿದ್ದಾರೋ ಇಲ್ಲವೋ ತಿಳಿಯುವುದು ಹೇಗೆ? ಹಳೆಯ ನಂಬರಿನಿಂದ ಮತ್ತೆ ಲಾಗಿನ್ ಮಾಡಿ ನೋಡಿ. ಹೊಸಬರಂತೆ ಹೆಸರು ಕೇಳಿದರೆ ಸರಿ. ಹೆಸರು ಹಿಡಿದು ಸ್ವಾಗತಿಸಿ ಹಳೆಯ ಪಾಯಿಂಟ್ಸ್ ತೋರಿಸಿದರೆ ಖಾತೆಗೆ ತೆರೆ ಎಳೆದಿದ್ದಾರೆ ಅಷ್ಟೆ, ಅಳಿಸಿಲ್ಲ. ಅಂಗಡಿಗೆ ಹೋಗಿ ನಂಬರ್ ಹೇಳಿದಾಗ ಕೌಂಟರಿನ ತೆರೆಯ ಮೇಲೆ ಹೆಸರು ತಾನಾಗಿ ಮೂಡಿದರೂ ಅದೇ ಅರ್ಥ. ಹುಟ್ಟುಹಬ್ಬದ ದಿನ ಮೆಸೇಜು ಬಂದರೆ ಅದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ. ಮೊದಲ ಸಲ ಕೌಂಟರಿನವರು ಹೆಸರನ್ನು ತಪ್ಪಾಗಿ ಬರೆದುಕೊಂಡಿದ್ದರೆ, ಅದೇ ತಪ್ಪು ಹೆಸರಿನಲ್ಲಿ ಬೇರೆ ಅಂಗಡಿಯ ಮೆಸೇಜು ಬಂದಾಗ ಮಾಹಿತಿ ಎಲ್ಲಿಂದ ಹೋಯಿತು ಎಂದು ಊಹಿಸುವುದು ಕಷ್ಟವಲ್ಲ. ಪ್ರತಿಯೊಂದರ ಸ್ಕ್ರೀನ್‌ಶಾಟ್ ದಿನಾಂಕ ಸಹಿತ ಇಟ್ಟುಕೊಳ್ಳಿ. ಬ್ಯಾಕಪ್‌ಗಳಲ್ಲಿ ಇರುವುದು ಮಾತ್ರ ತಡವಾಗಿ ಹೋಗುತ್ತದೆ. ಎಷ್ಟು ದಿನಕ್ಕೊಮ್ಮೆ ಬ್ಯಾಕಪ್ ತಿರುಗುತ್ತದೆ ಎಂದು ಕೇಳುವುದು ನ್ಯಾಯವೇ.

ಮೆಸೇಜು ಕಳಿಸಿದವರ ಹೆಸರಿನ ತುದಿಯಲ್ಲಿ -P ಎಂದಿದ್ದರೆ ಅದು ಪ್ರಚಾರದ್ದು. ಅಂಥದ್ದರ ಮೇಲೆ 1909ಕ್ಕೆ ಏಳು ದಿನದೊಳಗೆ ದೂರು ಕೊಡಬಹುದು. ಡಿಎನ್‌ಡಿ ಹಾಕಿಸಿದ್ದರೂ ಬರುತ್ತಿದೆ ಎಂದು ಹಲವರು ಬೇಸರಪಡುತ್ತಾರೆ. ಅಂಗಡಿಗೆ ಸ್ಪಷ್ಟವಾಗಿ ಕೊಟ್ಟ ಒಪ್ಪಿಗೆ ಡಿಎನ್‌ಡಿಗಿಂತ ಮೇಲೆ ನಿಲ್ಲುತ್ತದೆ ಎಂಬುದು ಅದರ ಒಂದು ಕಾರಣ. ಒಪ್ಪಿಗೆಯನ್ನು ಬರಹದಲ್ಲಿ ಹಿಂಪಡೆಯಲು ಹೇಳುವುದು ಇದಕ್ಕೇ.

ಉತ್ತರ ಬಾರದಿದ್ದರೆ ಮೊದಲು ಕಂಪನಿಯ ಅಹವಾಲು ವಿಭಾಗ, ಆಮೇಲೆ ದತ್ತಾಂಶ ಸಂರಕ್ಷಣಾ ಮಂಡಳಿ. ಕಂಪನಿಯ ಬಾಗಿಲು ತಟ್ಟದೆ ನೇರ ಮಂಡಳಿಗೆ ಹೋಗಲು ಬರುವುದಿಲ್ಲ. ಇಂಥ ಲೋಪಕ್ಕೆ 50 ಕೋಟಿ ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಮಂಡಳಿಗಿದೆ. ಆ ಹಣ ಸರ್ಕಾರದ ಸಂಚಿತ ನಿಧಿಗೆ ಹೋಗುತ್ತದೆ. ನೊಂದವರಿಗೆ ಪರಿಹಾರ ಕೊಡಿಸುವ ಕಲಮು ಈ ಕಾಯ್ದೆಯಲ್ಲಿಲ್ಲ, ಹಳೆಯ ಐಟಿ ಕಾಯ್ದೆಯಲ್ಲಿದ್ದ ಪರಿಹಾರದ ಕಲಮನ್ನೂ ಇದು ತೆಗೆದುಹಾಕುತ್ತದೆ. ಇದು ಕಾಯ್ದೆಯ ದೊಡ್ಡ ಕೊರತೆ. ಪರಿಹಾರ ಬೇಕೆಂದರೆ ಗ್ರಾಹಕ ಆಯೋಗದ ದಾರಿ ಉಳಿದಿದೆ. ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಕಾನೂನಿಗೆ ಹೊರತಾಗಿ ಇನ್ನೊಬ್ಬರಿಗೆ ಕೊಡುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಇದು ಈಗಲೂ ಜಾರಿಯಲ್ಲಿದೆ, 2027ರವರೆಗೆ ಕಾಯಬೇಕಿಲ್ಲ. ಸಹಾಯವಾಣಿಯ ಸಂಖ್ಯೆ 1915.

ಮುಂದಿನ ಸಲ ಕೌಂಟರಿನಲ್ಲಿ ನಂಬರ್ ಕೇಳಿದಾಗ ‘ಬೇಡ, ಕಾಗದದ ಬಿಲ್ ಕೊಡಿ’ ಎನ್ನಿ. 50,000 ರೂಪಾಯಿಗಿಂತ ಕಡಿಮೆಯ ಬಿಲ್ಲಿಗೆ ನಿಮ್ಮ ಹೆಸರೂ ಬೇಕಿಲ್ಲ.